ಓಟಿ ಡಬಲ್ ಅಂತಾರೆ, ಆದರೆ ಯಾವುದರ ಡಬಲ್? 208, 240ರ ಲೆಕ್ಕ

ಮೈಸೂರಿನ ಹೂಟಗಳ್ಳಿಯಲ್ಲಿ ಒಂದು ಕಾರ್ಖಾನೆ, ಮಂಡ್ಯದ ತೂಬಿನಕೆರೆಯಲ್ಲಿ ಇನ್ನೊಂದು ಕಾರ್ಖಾನೆ ಅಂತ ಇಟ್ಟುಕೊಳ್ಳಿ. ಎರಡರಲ್ಲೂ ಒಬ್ಬೊಬ್ಬ ಮೆಷಿನ್ ಆಪರೇಟರ್ ಇದ್ದಾರೆ. ಇಬ್ಬರಿಗೂ ತಿಂಗಳ ಸಂಬಳ 22,880 ರೂಪಾಯಿ. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಕೆಲಸ. ಊಟದ ಅರ್ಧ ಗಂಟೆ ಅದರಾಚೆಗೆ. ಇಬ್ಬರೂ ಆ ತಿಂಗಳು 24 ಗಂಟೆ ಓಟಿ ಮಾಡಿದ್ದಾರೆ. ಒಬ್ಬರ ಸ್ಲಿಪ್ಪಿನಲ್ಲಿ ಓಟಿ 5,280 ರೂಪಾಯಿ ಬಂದಿದೆ. ಇನ್ನೊಬ್ಬರ ಸ್ಲಿಪ್ಪಿನಲ್ಲಿ 4,576. ವ್ಯತ್ಯಾಸ 704 ರೂಪಾಯಿ. ಪ್ರತಿ ತಿಂಗಳೂ ಇಷ್ಟೇ ಓಟಿ ಮಾಡಿದರೆ ವರ್ಷಕ್ಕೆ 8,448.

ಎರಡೂ ಕಡೆ ಎಚ್‌ಆರ್‌ನವರನ್ನು ಕೇಳಿದರೆ ಒಂದೇ ಉತ್ತರ ಬರುತ್ತದೆ: "ಕಾನೂನು ಪ್ರಕಾರ ಡಬಲ್ ಕೊಟ್ಟಿದ್ದೇವೆ." ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಗಂಟೆಯ ದರವನ್ನು ಎರಡರಿಂದಲೇ ಗುಣಿಸಿದ್ದಾರೆ. ವ್ಯತ್ಯಾಸ ಇರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ತಿಂಗಳ ಸಂಬಳದಿಂದ ಗಂಟೆಯ ದರ ತೆಗೆಯುವಾಗ ಒಬ್ಬರು 208ರಿಂದ ಭಾಗಿಸಿದ್ದಾರೆ, ಇನ್ನೊಬ್ಬರು 240ರಿಂದ.

ಈ ಭಾಗಿಸುವ ಸಂಖ್ಯೆ ಸ್ಲಿಪ್ಪಿನಲ್ಲಿ ಎಲ್ಲೂ ಅಚ್ಚಾಗಿರುವುದಿಲ್ಲ. ಸಂಬಳದ ಸಾಫ್ಟ್‌ವೇರ್ ಹಾಕಿಸಿದ ದಿನ ಯಾರೋ ಒಬ್ಬರು ಸೆಟ್ಟಿಂಗ್‌ನಲ್ಲಿ ತುಂಬಿದ್ದು, ಹಾಗೇ ನಡೆದುಕೊಂಡು ಬಂದಿರುತ್ತದೆ. ಈಗ ಅದನ್ನು ತೆಗೆದು ನೋಡಲು ಸರಿಯಾದ ಸಮಯ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಂಪನಿಗಳು ಬೇಸಿಕ್, ಅಲೋವೆನ್ಸ್‌ಗಳನ್ನು ಹೊಸದಾಗಿ ಜೋಡಿಸುತ್ತಿವೆ. ಸ್ಲಿಪ್ ಬದಲಾಗುವ ಹೊತ್ತಿನಲ್ಲೇ ಓಟಿ ಲೆಕ್ಕದ ಬುಡವನ್ನೂ ನೋಡಿಬಿಡಬೇಕು. ಒಮ್ಮೆ ಕೂತುಬಿಟ್ಟ ಸೆಟ್ಟಿಂಗ್ ಮತ್ತೆ ಹತ್ತು ವರ್ಷ ಅಲುಗಾಡುವುದಿಲ್ಲ.

ಈ ಎರಡು ಸಂಖ್ಯೆ ಬಂದಿದ್ದೆಲ್ಲಿಂದ

240 ಅಂದರೆ 30 ದಿನ, ದಿನಕ್ಕೆ 8 ಗಂಟೆ. 208 ಅಂದರೆ 26 ದಿನ, ದಿನಕ್ಕೆ 8 ಗಂಟೆ. 208ನ್ನು ಇನ್ನೊಂದು ದಾರಿಯಲ್ಲೂ ತಲುಪಬಹುದು. ವಾರಕ್ಕೆ 48 ಗಂಟೆ, ವರ್ಷಕ್ಕೆ 52 ವಾರ. ಗುಣಿಸಿದರೆ 2,496 ಗಂಟೆ. ಅದನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸರಿಯಾಗಿ 208. ಅಂದರೆ 26 ಅನ್ನುವುದು ಯಾರೋ ಅಂದಾಜಿಗೆ ಇಟ್ಟ ಸಂಖ್ಯೆ ಅಲ್ಲ. ವಾರಕ್ಕೊಂದು ರಜೆ ತೆಗೆದು, ಆರು ದಿನ ದುಡಿಯುವವರು ಸರಾಸರಿ ಒಂದು ತಿಂಗಳಲ್ಲಿ ಮಾಡುವ ಕೆಲಸವೇ ಅಷ್ಟು.

ಸಂಬಳವನ್ನು ಗಂಟೆಗೆ ಇಳಿಸುವುದು ಅಂದರೆ ಏನು ಅಂತ ಯೋಚಿಸಿ. ಈ ಹಣಕ್ಕೆ ಎಷ್ಟು ಗಂಟೆ ದುಡಿಸಿಕೊಳ್ಳುತ್ತಿದ್ದೀರಿ ಅನ್ನುವುದೇ ಪ್ರಶ್ನೆ. ಉತ್ತರ 208 ಗಂಟೆ ಆದಾಗ ಭಾಗಿಸಬೇಕಾದ್ದೂ 208ರಿಂದಲೇ. 22,880ನ್ನು 208ರಿಂದ ಭಾಗಿಸಿದರೆ ಗಂಟೆಗೆ 110 ರೂಪಾಯಿ, ಓಟಿಗೆ ಅದರ ಡಬಲ್ 220. ಅದೇ 240ರಿಂದ ಭಾಗಿಸಿದರೆ ಗಂಟೆಗೆ 95.33, ಡಬಲ್ ಮಾಡಿದರೆ 190.67.

ಯಾವುದು ಸರಿ ಅಂತ ಪರೀಕ್ಷಿಸಲು ವಕೀಲರ ಹತ್ತಿರ ಓಡಬೇಕಿಲ್ಲ. ಬಂದ ಗಂಟೆಯ ದರವನ್ನು ಅವರು ನಿಜವಾಗಿ ದುಡಿಯುವ ಗಂಟೆಗಳಿಂದ ವಾಪಸ್ ಗುಣಿಸಿ ನೋಡಿ. ಸಂಬಳ ಮರಳಿ ಬರಬೇಕು. 110ನ್ನು 208ರಿಂದ ಗುಣಿಸಿದರೆ 22,880, ಸರಿಯಾಗಿ ಕೂತಿತು. 95.33ನ್ನು 208ರಿಂದ ಗುಣಿಸಿದರೆ ಸುಮಾರು 19,829 ಬರುತ್ತದೆ. ಉಳಿದ 3,051 ರೂಪಾಯಿ ಎಲ್ಲಿ ಹೋಯಿತು? ಅವರು ಆ ತಿಂಗಳು ಕೆಲಸವನ್ನೇ ಮಾಡದ 32 ಗಂಟೆಗಳ ಲೆಕ್ಕಕ್ಕೆ ಹೋಯಿತು. 240ರ ಲೆಕ್ಕ ಕೂಡಬೇಕಾದರೆ ಆ ಮನುಷ್ಯ ಭಾನುವಾರವೂ ಬಂದು ಎಂಟೆಂಟು ಗಂಟೆ ಮೆಷಿನ್ ಮುಂದೆ ನಿಂತಿರಬೇಕು.

ಇದರ ಪರಿಣಾಮ ಇಷ್ಟು: ಅವರ ಮಾಮೂಲಿ ಒಂದು ಗಂಟೆಯ ನಿಜವಾದ ಬೆಲೆ 110. ಓಟಿ ಗಂಟೆಗೆ ಸಿಗುತ್ತಿರುವುದು 190.67. ಅದು ಡಬಲ್ ಅಲ್ಲ, ಒಂದೂ ಮುಕ್ಕಾಲಕ್ಕಿಂತ ಸ್ವಲ್ಪ ಕಡಿಮೆ, 1.73 ಪಟ್ಟು. ಕಾನೂನು ಎರಡು ಪಟ್ಟು ಅಂದಿದೆ, ಸ್ಲಿಪ್ಪೂ ಎರಡು ಪಟ್ಟು ಅನ್ನುತ್ತದೆ, ಕೈಗೆ ಬರುವುದು ಮಾತ್ರ 1.73.

ಕೆಲವು ಕಡೆ 270 ಅನ್ನುವ ಸಂಖ್ಯೆಯೂ ಓಡಾಡುತ್ತಿದೆ. 30 ದಿನ, ದಿನಕ್ಕೆ 9 ಗಂಟೆ. ಹಳೆ ಕಾರ್ಖಾನೆ ಕಾಯ್ದೆಯಲ್ಲಿ 9 ಗಂಟೆ ದಾಟಿದ ಮೇಲೆ ಓಟಿ ಅಂತ ಇತ್ತು, ಅದನ್ನೇ ಎತ್ತಿಕೊಂಡು ಈ 9 ಹಾಕಿದ್ದಾರೆ. ಆದರೆ ಅದು ಓಟಿ ಯಾವಾಗ ಶುರು ಅನ್ನುವ ಗಡಿ. ಸಂಬಳ ಎಷ್ಟು ಗಂಟೆಗೆ ಅನ್ನುವ ಲೆಕ್ಕ ಅಲ್ಲ. ದಿನಕ್ಕೆ 9 ಗಂಟೆ ಆರು ದಿನ ಮಾಡಿದರೆ ವಾರಕ್ಕೆ 54 ಆಗುತ್ತದೆ, 48ರ ಮಿತಿಯನ್ನೇ ದಾಟುತ್ತದೆ. ಹಾಗಾಗಿ ಆರು ದಿನದ ವಾರಕ್ಕೆ 270 ಯಾವ ರೀತಿಯಿಂದ ನೋಡಿದರೂ ಕೂಡುವುದಿಲ್ಲ.

"ಭಾನುವಾರಕ್ಕೂ ಸಂಬಳ ಕೊಡ್ತೀವಲ್ಲ?"

240ರ ಪರ ಇರುವ ವಾದವನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ಅದನ್ನು ಹೇಳುವವರು ಹೀಗೆ ಹೇಳುತ್ತಾರೆ: ತಿಂಗಳ ಸಂಬಳ ಅಂದರೆ ಇಡೀ ತಿಂಗಳಿನದು. ವಾರದ ರಜೆಗೂ ಸಂಬಳ ಸೇರಿದೆ. ಆದ್ದರಿಂದ ಒಂದು ದಿನದ ಸಂಬಳ ಅಂದರೆ ಮೂವತ್ತರಲ್ಲಿ ಒಂದು ಭಾಗ.

ದಿನಗಳ ಮಟ್ಟದಲ್ಲಿ ಈ ಮಾತು ಒಪ್ಪುವಂಥದ್ದೇ. ತಪ್ಪು ಆಗುವುದು ಅಲ್ಲಿಂದ ಗಂಟೆಗೆ ಇಳಿಯುವಾಗ. ರಜೆಯ ದಿನಕ್ಕೂ ಸಂಬಳ ಇದೆ ಅಂದರೆ ಆ ಹಣ ಆರು ದಿನದ ದುಡಿಮೆಗೆ ಸಿಕ್ಕ ಪ್ರತಿಫಲದ ಭಾಗ. ಆ ದಿನಕ್ಕೆ ಹಣ ಇದೆ, ಗಂಟೆ ಇಲ್ಲ. ಹಣವನ್ನು ಮೂವತ್ತು ದಿನಕ್ಕೆ ಹಂಚಿ, ಕೆಲಸ ಇಲ್ಲದ ದಿನಕ್ಕೂ 8 ಗಂಟೆ ಸೇರಿಸಿದಾಗ ಗಂಟೆಯ ದರ ಇಳಿಯುತ್ತದೆ.

ಇದನ್ನು ದಿನಗೂಲಿಯ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಅದೇ ಕೆಲಸಕ್ಕೆ ದಿನಕ್ಕೆ 880 ರೂಪಾಯಿ ಅಂತ ಒಬ್ಬರನ್ನು ತೆಗೆದುಕೊಂಡಿದ್ದಾರೆ. 8 ಗಂಟೆಗೆ 880, ಗಂಟೆಗೆ 110. ಓಟಿ 220. ಇದರಲ್ಲಿ ಯಾರಿಗೂ ತಕರಾರಿಲ್ಲ. 26 ದಿನ ಬಂದರೆ ತಿಂಗಳಿಗೆ 22,880. ಒಂದು ದಿನ ಅವರನ್ನು ಕರೆದು "ನಿನ್ನನ್ನು ಕಾಯಂ ಮಾಡಿದ್ದೇವಪ್ಪಾ, ಇನ್ನು ತಿಂಗಳ ಸಂಬಳ 22,880" ಅಂತಾರೆ. ಮೆಷಿನ್ ಅದೇ, ಶಿಫ್ಟ್ ಅದೇ, ಕೈಗೆ ಬರುವ ಮೊತ್ತವೂ ಅದೇ. ಮರುದಿನದಿಂದ ಓಟಿ ಮಾತ್ರ ಗಂಟೆಗೆ 220ರಿಂದ 190ಕ್ಕೆ ಇಳಿಯಿತು ಅಂದರೆ ಅದಕ್ಕೆ ಏನು ಕಾರಣ ಕೊಡುತ್ತೀರಿ?

ಕಾನೂನು ಎಲ್ಲೆಲ್ಲಿ ಈ ತರಹದ ಲೆಕ್ಕ ಮಾಡಿದೆಯೋ ಅಲ್ಲೆಲ್ಲ ಕೆಲಸದ ದಿನಗಳ ಕಡೆಗೇ ವಾಲಿದೆ. 1948ರ ಕಾರ್ಖಾನೆ ಕಾಯ್ದೆ ಪೀಸ್ ರೇಟಿನವರ ಓಟಿಗೆ ಒಂದು ದಾರಿ ಹೇಳಿತ್ತು: ಓಟಿ ಮಾಡಿದ ತಿಂಗಳ ಹಿಂದಿನ ತಿಂಗಳಲ್ಲಿ ಅವರು ನಿಜವಾಗಿ ಕೆಲಸ ಮಾಡಿದ ದಿನಗಳ ಸರಾಸರಿ ಗಳಿಕೆಯನ್ನು ತೆಗೆದುಕೊಳ್ಳಬೇಕು. ಕ್ಯಾಲೆಂಡರಿನ ಎಲ್ಲ ದಿನಗಳ ಸರಾಸರಿ ಅಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯಲ್ಲೂ ಇದೇ ಜಗಳ ಬಹಳ ಕಾಲ ನಡೆಯಿತು. ಸೇವೆಯ ಪ್ರತಿ ವರ್ಷಕ್ಕೆ ಕೊಡುವ 15 ದಿನದ ಸಂಬಳ ಅಂದರೆ ತಿಂಗಳ ಸಂಬಳದ ಅರ್ಧವೋ ಅಥವಾ 26ರಲ್ಲಿ 15 ಭಾಗವೋ ಅಂತ. ದಿಗ್ವಿಜಯ್ ವುಲನ್ ಮಿಲ್ಸ್ ಪ್ರಕರಣದಲ್ಲಿ 1980ರಲ್ಲಿ, ಜೀವನ್‌ಲಾಲ್ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ 26ನ್ನೇ ಒಪ್ಪಿತು. 1987ರಲ್ಲಿ ಕಾಯ್ದೆಗೇ ತಿದ್ದುಪಡಿ ಮಾಡಿ 26 ಅಂತ ಬರೆದರು.

ಗೈರುಹಾಜರಿಯ ಕಡಿತ ನೋಡಿ. 1936ರ ವೇತನ ಪಾವತಿ ಕಾಯ್ದೆ ಪ್ರಕಾರ, ಬರದ ದಿನಕ್ಕೆ ಎಷ್ಟು ಕಡಿಯಬಹುದು ಅನ್ನುವುದನ್ನು ಆ ಅವಧಿಯಲ್ಲಿ ಕೆಲಸಕ್ಕೆ ಬರಬೇಕಾಗಿದ್ದ ಒಟ್ಟು ಸಮಯದ ಜೊತೆ ಹೋಲಿಸಬೇಕಿತ್ತು. ಹೊಸ ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಇಲ್ಲೇ ಒಂದು ವಿಚಿತ್ರ ಕಾಣಿಸುತ್ತದೆ. ಕೆಲವು ಕಂಪನಿಗಳು ಒಂದು ದಿನ ಬರದಿದ್ದರೆ 26ರಿಂದ ಭಾಗಿಸಿ 880 ಕಡಿಯುತ್ತವೆ. ಅದೇ ಕಂಪನಿ ಓಟಿ ಕೊಡುವಾಗ 30ರಿಂದ ಭಾಗಿಸಿ ದಿನಕ್ಕೆ 762.67 ಅನ್ನುತ್ತದೆ. ಒಬ್ಬನೇ ಮನುಷ್ಯನ ಒಂದೇ ದಿನಕ್ಕೆ, ಕಡಿಯುವಾಗ ಒಂದು ಬೆಲೆ, ಕೊಡುವಾಗ ಇನ್ನೊಂದು ಬೆಲೆ. ನಿಮ್ಮ ಸ್ಲಿಪ್ಪಿನಲ್ಲಿ ಈ ಎರಡೂ ಇದ್ದರೆ ಅದಕ್ಕಿಂತ ಬಲವಾದ ಪ್ರಶ್ನೆ ಬೇರೆ ಬೇಕಿಲ್ಲ.

ಆದರೆ ಒಂದು ಮಿತಿಯನ್ನು ಹೇಳಲೇಬೇಕು. ತಿಂಗಳ ಸಂಬಳದವರ ಓಟಿಗೆ 208ರಿಂದಲೇ ಭಾಗಿಸಿ ಅಂತ ಕಾರ್ಖಾನೆ ಕಾಯ್ದೆಯಲ್ಲಿ ಬರೆದಿರಲಿಲ್ಲ. ಅದು ಹೇಳಿದ್ದು ಸಾಮಾನ್ಯ ವೇತನದ ಎರಡು ಪಟ್ಟು ಅಂತ ಮಾತ್ರ. ಗ್ರಾಚ್ಯುಟಿಯ ತೀರ್ಪುಗಳು ಗ್ರಾಚ್ಯುಟಿಗೆ ಸಂಬಂಧಿಸಿದವು, ಓಟಿಗೆ ಅವು ಬಲ ಕೊಡುತ್ತವೆ, ನೇರವಾಗಿ ಕಟ್ಟಿಹಾಕುವುದಿಲ್ಲ. 2020ರಲ್ಲಿ ಪ್ರಕಟವಾದ ವೇತನ ಸಂಹಿತೆಯ ಕೇಂದ್ರ ಕರಡು ನಿಯಮಗಳಲ್ಲಿ ದಿನದ ದರವನ್ನು 8ರಿಂದ ಭಾಗಿಸಿದರೆ ಗಂಟೆಯ ದರ, 26ರಿಂದ ಗುಣಿಸಿದರೆ ತಿಂಗಳ ದರ ಅಂತ ಸ್ಪಷ್ಟವಾಗಿ ಇತ್ತು. 26ನ್ನು 8ರಿಂದ ಗುಣಿಸಿದರೆ 208. ಆದರೆ ಅದೂ ಕನಿಷ್ಠ ವೇತನ ನಿಗದಿ ಮಾಡುವ ಜಾಗದಲ್ಲಿ ಬಂದ ಮಾತು. ಹಾಗಾಗಿ "208 ಅಂತ ಕಾನೂನಿದೆ" ಅಂತ ವಾದ ಶುರು ಮಾಡಬೇಡಿ. ಎದುರಿನವರು "ಎಲ್ಲಿದೆ, ತೋರಿಸಿ" ಅಂದರೆ ಅಲ್ಲೇ ಮಾತು ನಿಲ್ಲುತ್ತದೆ. "ಡಬಲ್ ಅಂತ ಕಾನೂನಿದೆ, 240 ಹಾಕಿದರೆ ಡಬಲ್ ಆಗುವುದಿಲ್ಲ" ಅನ್ನಿ. ಇದಕ್ಕೆ ಅವರು ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಆಯಾ ತಿಂಗಳ ದಿನಗಳಿಂದ ಭಾಗಿಸುವವರೂ ಇದ್ದಾರೆ. ಫೆಬ್ರವರಿಗೆ 28, ಮಾರ್ಚಿಗೆ 31. ಆಗ ಅದೇ 22,880ಕ್ಕೆ ಫೆಬ್ರವರಿಯಲ್ಲಿ ಗಂಟೆಗೆ 102.14, ಮಾರ್ಚಿನಲ್ಲಿ 92.26. ಒಂದೇ ಕೆಲಸಕ್ಕೆ ತಿಂಗಳು ಬದಲಾದಂತೆ ಬೆಲೆ ಏರಿಳಿಯುತ್ತದೆ, ಮತ್ತು ಎರಡೂ ಸಲ 110ಕ್ಕಿಂತ ಕಡಿಮೆಯೇ. ಆ ತಿಂಗಳ ನಿಜವಾದ ಕೆಲಸದ ದಿನಗಳಿಂದ ಭಾಗಿಸಿದರೆ ಅದು ನ್ಯಾಯವಾದ ಲೆಕ್ಕವೇ. ಆದರೆ 27 ಕೆಲಸದ ದಿನ ಇರುವ ತಿಂಗಳಲ್ಲಿ ದರ ಇಳಿಯುತ್ತದೆ, 24 ಇದ್ದಾಗ ಏರುತ್ತದೆ. ವರ್ಷಪೂರ್ತಿ ಒಂದೇ ದರ ಬೇಕು ಅಂದರೆ ಅದರ ಸರಾಸರಿಯಾದ 208 ಸಾಕು.

ಮೇಲಿನ ಸಂಖ್ಯೆಯನ್ನೂ ನೋಡಿ

ಭಾಗಿಸುವ ಸಂಖ್ಯೆ ಸರಿ ಇದ್ದರೂ ಸಾಲದು. ಯಾವ ಮೊತ್ತವನ್ನು ಭಾಗಿಸುತ್ತಿದ್ದಾರೆ ಅನ್ನುವುದು ಇನ್ನೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ನಮ್ಮ ಆಪರೇಟರ್‌ನ 22,880ನ್ನು ಬಿಡಿಸಿದರೆ ಬೇಸಿಕ್ ಮತ್ತು ಡಿಎ ಸೇರಿ 16,640, ಎಚ್‌ಆರ್‌ಎ 3,640, ಕನ್ವೇಯನ್ಸ್ 1,040, ಸ್ಪೆಷಲ್ ಅಲೋವೆನ್ಸ್ 1,560 ಅಂತ ಇಟ್ಟುಕೊಳ್ಳೋಣ. ಬೇಸಿಕ್ ಮತ್ತು ಡಿಎ ಮಾತ್ರ ತೆಗೆದುಕೊಂಡು, ಅದನ್ನೂ 240ರಿಂದ ಭಾಗಿಸಿದರೆ ಗಂಟೆಗೆ 69.33. ಡಬಲ್ 138.67. 24 ಗಂಟೆಗೆ 3,328 ರೂಪಾಯಿ. 5,280 ಬರಬೇಕಾದ ಕಡೆ 3,328. ಗಂಟೆಗೆ 110 ದುಡಿಯುವವರಿಗೆ ಇದು ಡಬಲ್ ಅಲ್ಲ, 1.26 ಪಟ್ಟು.

ಕಾರ್ಖಾನೆ ಕಾಯ್ದೆಯ ಕಾಲಕ್ಕೆ ಇದು ಸ್ಪಷ್ಟವಾಗಿ ತಪ್ಪು. ಸಾಮಾನ್ಯ ವೇತನ ಅಂದರೆ ಬೇಸಿಕ್ ಮತ್ತು ಆ ಹೊತ್ತಿಗೆ ಕಾರ್ಮಿಕನಿಗೆ ಹಕ್ಕಾಗಿ ಬರುವ ಅಲೋವೆನ್ಸ್‌ಗಳು ಅಂತ ಅದರ 59ನೇ ಸೆಕ್ಷನ್ ಹೇಳಿತ್ತು. ಹೊರಗಿಟ್ಟದ್ದು ಬೋನಸ್ ಮತ್ತು ಓಟಿಯನ್ನು ಮಾತ್ರ. 2025ರ ನವೆಂಬರ್‌ಗಿಂತ ಹಿಂದಿನ ಬಾಕಿ ಕೇಳುವವರು ಈ ಸಾಲನ್ನು ನೆನಪಿಟ್ಟುಕೊಳ್ಳಬೇಕು.

ಹೊಸ ವೇತನ ಸಂಹಿತೆಯಲ್ಲಿ ವಿಷಯ ಅಷ್ಟು ಸರಳವಾಗಿಲ್ಲ. ಅದರ ವೇತನದ ವ್ಯಾಖ್ಯೆ ಎಚ್‌ಆರ್‌ಎ, ಕನ್ವೇಯನ್ಸ್‌ಗಳನ್ನು ಹೊರಗಿಡುತ್ತದೆ. ಹಾಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೆ ವಾಪಸ್ ಸೇರಿಸಬೇಕು. ನಮ್ಮ ಉದಾಹರಣೆಯಲ್ಲಿ ಹೊರಗುಳಿಯುವುದು 4,680, ಅರ್ಧಕ್ಕಿಂತ ತುಂಬ ಕಡಿಮೆ. ಸ್ಪೆಷಲ್ ಅಲೋವೆನ್ಸ್ ಹೊರಗಿಡುವ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಅದು ಒಳಗೇ ಉಳಿಯುತ್ತದೆ. ವೇತನ 18,200 ಆಯಿತು. 208ರಿಂದ ಭಾಗಿಸಿದರೆ ಗಂಟೆಗೆ 87.50, ಡಬಲ್ 175, 24 ಗಂಟೆಗೆ 4,200. ಹಳೆ ಲೆಕ್ಕಕ್ಕಿಂತ 1,080 ಕಡಿಮೆ. ಆದರೆ ಅದೇ ವ್ಯಾಖ್ಯೆಯ ಕೆಳಗೆ ಇನ್ನೊಂದು ಮಾತೂ ಇದೆ: ಗಂಡು ಹೆಣ್ಣಿಗೆ ಸಮಾನ ವೇತನದ ವಿಷಯಕ್ಕೆ ಮತ್ತು ವೇತನ ಪಾವತಿಯ ವಿಷಯಕ್ಕೆ ಎಚ್‌ಆರ್‌ಎ, ಕನ್ವೇಯನ್ಸ್‌ಗಳನ್ನು ಸೇರಿಸಿಕೊಳ್ಳಬೇಕು ಅಂತ. ಓಟಿ ಯಾವುದರ ಕೆಳಗೆ ಬರುತ್ತದೆ ಅನ್ನುವಲ್ಲಿ ವಾದಕ್ಕೆ ಜಾಗ ಇದೆ. ಇದು ಕಾರ್ಮಿಕರಿಗೆ ನಷ್ಟ ಮಾಡಬಾರದು ಅಂತ ನನ್ನ ಅಭಿಪ್ರಾಯ. ಓಟಿಯ ಉದ್ದೇಶವೇ ಹೆಚ್ಚುವರಿ ಗಂಟೆಯನ್ನು ಮಾಲೀಕರಿಗೆ ದುಬಾರಿ ಮಾಡುವುದು. ಬುಡದ ಮೊತ್ತವನ್ನೇ ಇಳಿಸಿದರೆ ಹೊಸಬರನ್ನು ತೆಗೆದುಕೊಳ್ಳುವುದಕ್ಕಿಂತ ಇದ್ದವರನ್ನೇ ಹೊತ್ತು ಮೀರಿ ನಿಲ್ಲಿಸಿಕೊಳ್ಳುವುದು ಅಗ್ಗವಾಗುತ್ತದೆ. ಇಷ್ಟಕ್ಕೂ ಸಂಹಿತೆ ಹೇಳಿರುವುದು ಎರಡು ಪಟ್ಟಿಗಿಂತ ಕಡಿಮೆ ಇರಬಾರದು ಅಂತ. ಈಗಾಗಲೇ ಪೂರ್ತಿ ಗ್ರಾಸ್ ಮೇಲೆ ಓಟಿ ಕೊಡುತ್ತಿರುವ ಕಂಪನಿ ಹಾಗೇ ಮುಂದುವರಿಸಲು ಅದು ಅಡ್ಡ ಬರುವುದಿಲ್ಲ.

ಇದೇ ಕಾರಣಕ್ಕೆ ಭಾಗಿಸುವ ಸಂಖ್ಯೆ ಈಗ ಮೊದಲಿಗಿಂತ ಮುಖ್ಯ. ಮೇಲಿನ ಮೊತ್ತ 18,200ಕ್ಕೆ ಇಳಿದು, ಕೆಳಗೆ 240 ಹಾಗೇ ಉಳಿದರೆ 24 ಗಂಟೆಗೆ ಬರುವುದು 3,640 ಮಾತ್ರ.

ಗಂಟೆಗಳ ಎಣಿಕೆ

24 ಗಂಟೆ ಓಟಿ ಅಂತ ಸುಲಭವಾಗಿ ಹೇಳಿಬಿಟ್ಟೆ. ಅದು ಹೇಗೆ ಬಂತು ಅನ್ನುವುದನ್ನೂ ಬಿಡಿಸಬೇಕು. ವಾರದಲ್ಲಿ ಮೂರು ದಿನ ಅವರು ಎರಡೆರಡು ಗಂಟೆ ಜಾಸ್ತಿ ನಿಂತಿದ್ದಾರೆ. ಅಂದರೆ ಆ ದಿನಗಳಲ್ಲಿ 10 ಗಂಟೆ. ಹಳೆ ಕಾಯ್ದೆಯ 9 ಗಂಟೆಯ ಗಡಿ ಇಟ್ಟುಕೊಂಡರೆ ದಿನಕ್ಕೆ ಒಂದೇ ಗಂಟೆ ಓಟಿ, ವಾರಕ್ಕೆ ಮೂರು. ವಾರದ ಲೆಕ್ಕ ಹಿಡಿದರೆ ಮೂರು ದಿನ ಹತ್ತು, ಮೂರು ದಿನ ಎಂಟು, ಒಟ್ಟು 54. 48ಕ್ಕಿಂತ ಆರು ಜಾಸ್ತಿ. ಆರು ಗಂಟೆ ಓಟಿ. ನಾಲ್ಕು ವಾರಕ್ಕೆ 24. ಪಂಚಿಂಗ್ ಮೆಷಿನ್ ದಿನದ ಲೆಕ್ಕ ಮಾತ್ರ ಹಾಕುವಂತೆ ಇಟ್ಟಿದ್ದರೆ 12 ಗಂಟೆ ಮಾಯ.

ಅದೇ ವಾರ ಒಂದು ಮಾಮೂಲಿ ದಿನ ರಜೆ ಹಾಕಿದ್ದರೆ ಲೆಕ್ಕ ಬೇರೆ. ಒಟ್ಟು 46 ಗಂಟೆ ಆಗುತ್ತದೆ, ವಾರದ ಮಿತಿ ದಾಟುವುದಿಲ್ಲ. ಆಗ ದಿನದ ಲೆಕ್ಕದ ಮೂರು ಗಂಟೆ ಹಿಡಿಯಬೇಕು. ಎರಡರಲ್ಲಿ ಕಾರ್ಮಿಕನಿಗೆ ಯಾವುದು ಹೆಚ್ಚು ಅನುಕೂಲವೋ ಅದನ್ನೇ ತೆಗೆದುಕೊಳ್ಳಬೇಕು ಅಂತ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿರುವ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಾಯಿಬಿಟ್ಟು ಹೇಳಿದೆ. ಅದು ದಿನದ ಕೆಲಸವನ್ನು 8 ಗಂಟೆಗೆ ನಿಲ್ಲಿಸಿದೆ, ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು ಅಂದಿದೆ. ಓಟಿ ಎಷ್ಟು ಗಂಟೆ ದಾಟಿದ ಮೇಲೆ ಅನ್ನುವುದನ್ನು ಸರ್ಕಾರದ ನಿಯಮಕ್ಕೆ ಬಿಟ್ಟಿದೆ.

"ಅರ್ಧ ಗಂಟೆ ತುಂಬದಿದ್ದರೆ ಲೆಕ್ಕಕ್ಕಿಲ್ಲ" ಅನ್ನುವ ಪದ್ಧತಿ ನಮ್ಮ ಕಡೆ ಬಹಳ ಕಾರ್ಖಾನೆಗಳಲ್ಲಿ ಇದೆ. ಮೆಷಿನ್ ಒರೆಸಿ, ಮುಂದಿನ ಶಿಫ್ಟಿನವರಿಗೆ ವಹಿಸಿ ಹೊರಡುವ ಹೊತ್ತಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಆಗಿರುತ್ತದೆ. ಅದು ಓಟಿ ಶೀಟಿಗೆ ಏರುವುದೇ ಇಲ್ಲ. ವೇತನ ಸಂಹಿತೆಯ 14ನೇ ಸೆಕ್ಷನ್ ಪ್ರತಿ ಗಂಟೆಗೂ, ಗಂಟೆಯ ಭಾಗಕ್ಕೂ ಓಟಿ ದರದಲ್ಲಿ ಕೊಡಬೇಕು ಅನ್ನುತ್ತದೆ.

ಸ್ಲಿಪ್ಪಿನಿಂದ ಹಿಂದಕ್ಕೆ ಲೆಕ್ಕ ಹಾಕುವುದು

ನಿಮ್ಮ ಕಂಪನಿ ಯಾವುದರಿಂದ ಭಾಗಿಸುತ್ತಿದೆ ಅಂತ ಯಾರೂ ಹೇಳದಿದ್ದರೂ ಕಂಡುಹಿಡಿಯಬಹುದು. ಗ್ರಾಸ್ ಸಂಬಳವನ್ನು ಎರಡರಿಂದ ಗುಣಿಸಿ. ಅದನ್ನು ಓಟಿ ಗಂಟೆಗಳಿಂದ ಗುಣಿಸಿ. ಬಂದದ್ದನ್ನು ಸ್ಲಿಪ್ಪಿನಲ್ಲಿರುವ ಓಟಿ ಮೊತ್ತದಿಂದ ಭಾಗಿಸಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಎಕ್ಸೆಲ್‌ನಲ್ಲಿ ಹಾಕುವುದಾದರೆ:

```
=22880*2*24/4576
```

ಉತ್ತರ 240. ಅಂದರೆ ಪೂರ್ತಿ ಗ್ರಾಸ್ ತೆಗೆದುಕೊಂಡಿದ್ದಾರೆ, ಆದರೆ 30 ದಿನದಿಂದ ಭಾಗಿಸಿದ್ದಾರೆ. 4,576ರ ಬದಲು ಸ್ಲಿಪ್ಪಿನಲ್ಲಿ 3,328 ಇತ್ತು ಅಂದುಕೊಳ್ಳಿ. ಅದೇ ಲೆಕ್ಕ ಹಾಕಿದರೆ 330 ಬರುತ್ತದೆ. 330 ಗಂಟೆ ಯಾವ ತಿಂಗಳಲ್ಲೂ ಯಾರ ಶಿಫ್ಟೂ ಅಲ್ಲ. ಇಂಥ ಅರ್ಥವಿಲ್ಲದ ಸಂಖ್ಯೆ ಬಂದರೆ ತೊಂದರೆ ಮೇಲಿನ ಮೊತ್ತದಲ್ಲಿದೆ ಅಂತ ಲೆಕ್ಕ. ಗ್ರಾಸ್ ಬದಲು ಬೇಸಿಕ್ ಮತ್ತು ಡಿಎ ಹಾಕಿ ನೋಡಿ. 16,640ನ್ನು 48ರಿಂದ ಗುಣಿಸಿ 3,328ರಿಂದ ಭಾಗಿಸಿದರೆ ಸರಿಯಾಗಿ 240. ಈಗ ಎರಡೂ ಗುಟ್ಟು ಬಯಲಾಯಿತು. ಅಲೋವೆನ್ಸ್ ಬಿಟ್ಟಿದ್ದಾರೆ, 30ರಿಂದ ಭಾಗಿಸಿದ್ದಾರೆ.

416 ಅಥವಾ 480 ಬಂದರೆ ಅದು 208ರ ಅಥವಾ 240ರ ಎರಡರಷ್ಟು. ಡಬಲ್ ಬದಲು ಸಿಂಗಲ್ ರೇಟ್ ಕೊಟ್ಟಿದ್ದಾರೆ ಅಂತ ಅರ್ಥ. ಯಾವ ಮೊತ್ತ ಹಾಕಿದರೂ ಪ್ರತಿ ತಿಂಗಳು ಬೇರೆ ಬೇರೆ ಸಂಖ್ಯೆ ಬರುತ್ತಿದ್ದರೆ, ಒಂದೋ ಆಯಾ ತಿಂಗಳ ದಿನಗಳಿಂದ ಭಾಗಿಸುತ್ತಿದ್ದಾರೆ, ಇಲ್ಲಾ ಗಂಟೆಗಳನ್ನೇ ಕತ್ತರಿಸುತ್ತಿದ್ದಾರೆ. ಎರಡನೆಯದನ್ನು ಹಿಡಿಯಬೇಕಾದರೆ ನಿಮ್ಮದೇ ಗಂಟೆಗಳ ಲೆಕ್ಕ ಬೇಕು. ಹೋದ ಹೊತ್ತು, ಬಂದ ಹೊತ್ತು ಒಂದು ಡೈರಿಯಲ್ಲಿ ಬರೆದಿಡಿ, ಪಂಚಿಂಗ್ ಆಪ್ ಇದ್ದರೆ ತಿಂಗಳ ಕೊನೆಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಓಟಿಯನ್ನು "ಇನ್ಸೆಂಟಿವ್" ಅನ್ನುವ ಹೆಸರಿನಲ್ಲಿ ಕೊಡುವ ಕಡೆಯಂತೂ ಈ ಡೈರಿ ಬಿಟ್ಟರೆ ಬೇರೆ ಆಧಾರ ಇರುವುದಿಲ್ಲ.

208 ಎಲ್ಲರಿಗೂ ಅಲ್ಲ ಅನ್ನುವುದನ್ನೂ ಮರೆಯಬಾರದು. ಅದು ವಾರಕ್ಕೆ 48 ಗಂಟೆಯವರ ಸಂಖ್ಯೆ. ನಿಮ್ಮ ನೇಮಕದ ಪತ್ರದಲ್ಲಿ ವಾರಕ್ಕೆ 45 ಗಂಟೆ ಅಂತಿದ್ದರೆ 45ನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿ, 195 ಬರುತ್ತದೆ. ಐದು ದಿನ, 40 ಗಂಟೆಯ ಆಫೀಸಿನವರಿಗೆ 173.33. ಆದರೆ ಅಂಥವರಿಗೆ 40ರಿಂದ 48ರವರೆಗಿನ ಗಂಟೆಗಳಿಗೆ ಡಬಲ್ ಸಿಗುವುದು ಕಂಪನಿಯ ಒಪ್ಪಂದದಲ್ಲಿ ಹಾಗೆ ಇದ್ದರೆ ಮಾತ್ರ. ದೇವರಾಜ ಅರಸು ರಸ್ತೆಯ ಅಂಗಡಿಗಳು, ಶೋರೂಮುಗಳಲ್ಲಿ ಕೆಲಸ ಮಾಡುವವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರಲ್ಲೂ ದಿನಕ್ಕೆ 9, ವಾರಕ್ಕೆ 48, ಓಟಿಗೆ ಡಬಲ್. ಹಾಗಾಗಿ ಆರು ದಿನ, ಎಂಟು ಗಂಟೆ ನಿಲ್ಲುವ ಸೇಲ್ಸ್‌ನವರ ಲೆಕ್ಕವೂ 208ಕ್ಕೇ ಬರುತ್ತದೆ.

ಲೆಕ್ಕ ಕೈಗೆ ಬಂದ ಮೇಲೆ ಮೊದಲು ಎಚ್‌ಆರ್‌ಗೆ ಲಿಖಿತವಾಗಿ ಒಂದೇ ಪ್ರಶ್ನೆ ಕೇಳಿ: ನನ್ನ ಓಟಿಯ ಗಂಟೆ ದರವನ್ನು ಯಾವ ಮೊತ್ತದಿಂದ, ಎಷ್ಟರಿಂದ ಭಾಗಿಸಿ ತೆಗೆದಿದ್ದೀರಿ? ಇಮೇಲ್‌ನಲ್ಲಿ ಕೇಳಿದರೆ ಒಳ್ಳೆಯದು, ಉತ್ತರ ಉಳಿಯುತ್ತದೆ. ಒಬ್ಬರೇ ಕೇಳುವುದಕ್ಕಿಂತ ಲೈನಿನ ನಾಲ್ಕೈದು ಜನ ಸೇರಿ ಸಹಿ ಹಾಕಿ ಕೊಟ್ಟರೆ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ. ನನಗೆ ತಿಳಿದಂತೆ ಎಷ್ಟೋ ಕಡೆ ವಿಷಯ ಇಲ್ಲೇ ಬಗೆಹರಿಯುತ್ತದೆ, ಯಾಕೆಂದರೆ 240 ಅನ್ನುವುದು ಯಾರ ಹಟವೂ ಅಲ್ಲ, ಹಳೆಯ ಸೆಟ್ಟಿಂಗ್ ಅಷ್ಟೇ. ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕು. ವೇತನ ಸಂಹಿತೆಯ ಪ್ರಕಾರ ಬಾಕಿಯನ್ನು ಮೂರು ವರ್ಷದೊಳಗೆ ಕೇಳಬಹುದು, ಹಣ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ನಮ್ಮ ಆಪರೇಟರ್‌ನ ತಿಂಗಳಿಗೆ 704 ರೂಪಾಯಿ ಮೂರು ವರ್ಷಕ್ಕೆ 25,344 ಆಗುತ್ತದೆ. ಅವರ ಒಂದು ತಿಂಗಳ ಪೂರ್ತಿ ಸಂಬಳಕ್ಕಿಂತ ಜಾಸ್ತಿ.